ಕಂಬದ ಮೇಲಿನ ಕ್ಯಾಮೆರಾಗಳ ಲೆಕ್ಕ ತಪ್ಪುವುದು ಹೇಗೆ, ಅವುಗಳ ಮರುತರಬೇತಿ ಯಾವಾಗ?

ನಗರದ ವೃತ್ತಗಳಲ್ಲಿ ಕಂಬದ ಮೇಲೆ ಕುಳಿತಿರುವ ಕ್ಯಾಮೆರಾಗಳು ಈಗ ಕೇವಲ ಚಿತ್ರ ತೆಗೆಯುವ ಯಂತ್ರಗಳಾಗಿ ಉಳಿದಿಲ್ಲ. ಹಲವು ಕ್ಯಾಮೆರಾಗಳ ಒಳಗೇ, ಇಲ್ಲವೇ ಕಂಬದ ಬುಡದ ಪೆಟ್ಟಿಗೆಯಲ್ಲಿ, ಒಂದು ಪುಟ್ಟ ಗಣಕವಿರುತ್ತದೆ. ಎದುರಿಗೆ ಹಾದುಹೋದದ್ದು ಬಸ್ಸೇ, ಕಾರೇ, ಆಟೋವೇ, ದ್ವಿಚಕ್ರ ವಾಹನವೇ ಎಂಬುದನ್ನು ಅದು ಅಲ್ಲಿಯೇ ನಿರ್ಧರಿಸಿ, ಎಣಿಕೆಯನ್ನು ಮಾತ್ರ ಕೇಂದ್ರಕ್ಕೆ ಕಳುಹಿಸುತ್ತದೆ. ಇಂಥವುಗಳಿಗೆ ಎಡ್ಜ್ ಕ್ಯಾಮೆರಾ ಎಂದು ಹೆಸರು. ನಿರ್ಧಾರ ಮಾಡುವ ತಂತ್ರಾಂಶಕ್ಕೆ ಮಾಡೆಲ್ ಎನ್ನುತ್ತಾರೆ. ಸಾವಿರಾರು ಚಿತ್ರಗಳನ್ನು ತೋರಿಸಿ ‘ಇದು ಬಸ್ಸು, ಇದು ಆಟೋ’ ಎಂದು ಕಲಿಸಿದ ಬಳಿಕ ಅದನ್ನು ಕ್ಯಾಮೆರಾಗಳಿಗೆ ತುಂಬಲಾಗುತ್ತದೆ.

ತೊಂದರೆ ಆರಂಭವಾಗುವುದು ಅನಂತರ. ಮಾಡೆಲ್ ಕಲಿತದ್ದು ಒಂದು ಕಾಲದ, ಕೆಲವು ರಸ್ತೆಗಳ ಚಿತ್ರಗಳಿಂದ. ರಸ್ತೆಯಾದರೋ ದಿನದಿನಕ್ಕೆ ಬದಲಾಗುತ್ತದೆ. ಯಂತ್ರ ಕೆಟ್ಟಿರುವುದಿಲ್ಲ, ಸಂಪರ್ಕ ಕಡಿದಿರುವುದಿಲ್ಲ, ಸಂಖ್ಯೆಗಳು ಗಂಟೆಗಂಟೆಗೂ ಬರುತ್ತಲೇ ಇರುತ್ತವೆ. ಆದರೆ ಅವು ಸ್ವಲ್ಪ ಸ್ವಲ್ಪವಾಗಿ ಸತ್ಯದಿಂದ ದೂರ ಸರಿಯುತ್ತಿರುತ್ತವೆ. ಈ ಸರಿಯುವಿಕೆಗೆ ಡ್ರಿಫ್ಟ್ ಎಂದು ಕರೆಯುತ್ತಾರೆ. ಎಣಿಕೆಯನ್ನು ನಂಬಿ ಸಿಗ್ನಲ್ ಕೆಲಸ ಮಾಡುವಲ್ಲಿ ಕಾಣದೆ ಹೋದ ವಾಹನ ಕೆಂಪು ದೀಪದ ಮುಂದೆ ಕಾಯುತ್ತದೆ. ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಒಂದು ಅಂಕಿಯನ್ನು ತಪ್ಪಾಗಿ ಓದಿದರೆ ದಂಡದ ನೋಟಿಸು ಬೇರೊಬ್ಬರ ಮನೆಗೆ ಹೋಗುತ್ತದೆ.

ಎಲ್ಲ ವಿಡಿಯೋವನ್ನೂ ಕೇಂದ್ರಕ್ಕೆ ತರಿಸಿ ಪರೀಕ್ಷಿಸಬಾರದೇಕೆ ಎಂದು ಓದುಗರು ಕೇಳಬಹುದು. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಹರಿಯುವ ಸಾಧಾರಣ ಗುಣಮಟ್ಟದ ವಿಡಿಯೋ ಒಂದು ದಿನಕ್ಕೆ ಸುಮಾರು 21.6 ಗಿಗಾಬೈಟ್ ಆಗುತ್ತದೆ. 240 ಕ್ಯಾಮೆರಾಗಳಿದ್ದರೆ ದಿನಕ್ಕೆ 5 ಟೆರಾಬೈಟ್ ದಾಟುತ್ತದೆ. ಸಿಮ್ ಕಾರ್ಡಿನ ಸಂಪರ್ಕದಲ್ಲಿ ಓಡುವ ಕ್ಯಾಮೆರಾಗಳಿಂದ ಇಷ್ಟನ್ನು ತರಿಸುವುದು ದುಬಾರಿ; ತರಿಸಿದರೂ ಕುಳಿತು ನೋಡುವವರು ಯಾರು? ಹೀಗಾಗಿ ಕೆಲವೇ ಕಿಲೋಬೈಟ್‌ಗಳ ಸಾರಾಂಶವನ್ನೂ ಆಯ್ದ ಕೆಲವು ಚಿತ್ರಗಳನ್ನೂ ನೋಡಿಯೇ ರೋಗವನ್ನು ಪತ್ತೆಹಚ್ಚಬೇಕಾಗುತ್ತದೆ.

ಬದಲಾವಣೆಯ ಎರಡು ಮುಖ

ಡ್ರಿಫ್ಟ್‌ನಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ ನೋಡುವುದು ವಾಡಿಕೆ. ಮೊದಲನೆಯದರಲ್ಲಿ ಕಣ್ಣಿಗೆ ಬೀಳುವ ಚಿತ್ರ ಬದಲಾಗುತ್ತದೆ: ಮಳೆ, ಮಂಜು, ಹೊಸ ಬೀದಿದೀಪ. ವಾಹನ ಅದೇ, ತೋರುವ ರೀತಿ ಬೇರೆ. ಎರಡನೆಯದರಲ್ಲಿ ಚಿತ್ರಕ್ಕೂ ಉತ್ತರಕ್ಕೂ ಇದ್ದ ಸಂಬಂಧವೇ ಬದಲಾಗುತ್ತದೆ. ನಿನ್ನೆಯವರೆಗೆ ‘ಆಟೋ’ ಎನಿಸಿಕೊಳ್ಳುತ್ತಿದ್ದ ಆಕಾರದಲ್ಲಿ ಇಂದು ಸರಕು ಸಾಗಿಸುವ ವಿದ್ಯುತ್ ತ್ರಿಚಕ್ರ ವಾಹನ ಬರುತ್ತದೆ, ಅದನ್ನು ಬೇರೆ ಗುಂಪಿನಲ್ಲಿ ಎಣಿಸಬೇಕಾಗುತ್ತದೆ.

ಮೊದಲ ಬಗೆಗೆ ಜಗತ್ತೇ ಬಲ್ಲ ನಿದರ್ಶನವೊಂದು 2020ರಲ್ಲಿ ಸಿಕ್ಕಿತು. ಕೊರೊನಾ ಕಾಲದಲ್ಲಿ ಜನರೆಲ್ಲ ಮುಖಗವಸು ಧರಿಸಿದಾಗ, ಅದಕ್ಕೆ ಮೊದಲು ಸಿದ್ಧವಾಗಿದ್ದ ಮುಖ ಗುರುತಿಸುವ ತಂತ್ರಾಂಶಗಳು ಎಡವಿದವು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಆ ವರ್ಷದ ಜುಲೈನಲ್ಲಿ ಅಂಥ 89 ತಂತ್ರಾಂಶಗಳನ್ನು, ಚಿತ್ರಗಳ ಮೇಲೆ ಗಣಕದಿಂದ ಮುಖಗವಸು ಮೂಡಿಸಿ ಪರೀಕ್ಷಿಸಿತು. ಅವುಗಳಲ್ಲಿ ಉತ್ತಮವಾದವೂ ಶೇ. 5ರಿಂದ ಶೇ. 50ರವರೆಗೆ ತಪ್ಪು ಮಾಡಿದವು.

ನಮ್ಮ ರಸ್ತೆಗಳ ನಂಬರ್ ಪ್ಲೇಟಿನ ಕಥೆ ಇನ್ನೂ ಸ್ವಾರಸ್ಯವಾದದ್ದು. 2018ರಲ್ಲಿ ವಿದ್ಯುತ್ ವಾಹನಗಳಿಗೆ ಹಸಿರು ಫಲಕ ಬಂತು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿಸುರಕ್ಷಿತ ಫಲಕ ಕಡ್ಡಾಯವಾಯಿತು. ಅದಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೂ ಅದನ್ನು ಅಳವಡಿಸಬೇಕೆಂದು ಕರ್ನಾಟಕದಲ್ಲಿ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಟಿತು. ನಡುವೆ 2021ರಲ್ಲಿ ‘ಬಿಎಚ್’ ಸರಣಿ ಆರಂಭವಾಯಿತು. KA 01 AB 1234 ಎಂಬಂತೆ ರಾಜ್ಯದ ಅಕ್ಷರಗಳಿಂದ ಶುರುವಾಗುವುದರ ಬದಲು ಇದು 22 BH 1234 A ಎಂಬಂತೆ ವರ್ಷದ ಅಂಕಿಯಿಂದ ಶುರುವಾಗುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಅಕ್ಷರ ಓದುವ ಮಾಡೆಲ್ ಆ ಫಲಕವನ್ನು ಸರಿಯಾಗಿಯೇ ಓದಬಹುದು. ಆದರೆ ‘ಮೊದಲೆರಡು ಸ್ಥಾನದಲ್ಲಿ ಅಕ್ಷರವೇ ಇರಬೇಕು’ ಎಂಬ ಹಳೆಯ ನಿಯಮದ ಸಾಲು ತಂತ್ರಾಂಶದಲ್ಲಿ ಉಳಿದಿದ್ದರೆ, ಸರಿಯಾದ ಉತ್ತರವೇ ಕಸದ ಬುಟ್ಟಿಗೆ ಹೋಗುತ್ತದೆ. ಎಷ್ಟು ಮರುತರಬೇತಿ ಕೊಟ್ಟರೂ ಇದು ನೆಟ್ಟಗಾಗದು. ತಿದ್ದಬೇಕಾದದ್ದು ಆ ಒಂದು ಸಾಲನ್ನು ಮಾತ್ರ.

ಉತ್ತರ ಗೊತ್ತಿಲ್ಲದೆ ತಪ್ಪು ಹುಡುಕುವುದು

ಕ್ಯಾಮೆರಾ ‘ಇದು ಬಸ್ಸು’ ಎಂದಾಗ ಅದು ನಿಜವೇ ಎಂದು ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆದ್ದರಿಂದ ಪರೋಕ್ಷ ಚಿಹ್ನೆಗಳನ್ನು ನೋಡುತ್ತಾರೆ. ಪ್ರತಿ ಉತ್ತರದ ಜತೆ ಮಾಡೆಲ್ ಒಂದು ವಿಶ್ವಾಸಾಂಕವನ್ನೂ ಕೊಡುತ್ತದೆ. ತನ್ನ ಉತ್ತರದ ಬಗ್ಗೆ ಅದಕ್ಕೆ ಎಷ್ಟು ಭರವಸೆ ಎಂಬುದರ ಸೂಚನೆ ಅದು, 0ರಿಂದ 1ರ ನಡುವೆ ಇರುತ್ತದೆ. ಸ್ಥಾಪನೆಯಾದ ಮೊದಲ ಕೆಲವು ವಾರಗಳ ವಿಶ್ವಾಸಾಂಕಗಳ ಹಂಚಿಕೆಯನ್ನು ಆಧಾರವಾಗಿ ಇಟ್ಟುಕೊಂಡು, ಈ ವಾರದ ಹಂಚಿಕೆಯನ್ನು ಅದರೊಡನೆ ಹೋಲಿಸಲಾಗುತ್ತದೆ.

ಹೋಲಿಕೆಗೆ ಬಹುಬಳಕೆಯ ಅಳತೆ ಪಿಎಸ್‌ಐ, ಅಂದರೆ ಜನಸಂಖ್ಯಾ ಸ್ಥಿರತಾ ಸೂಚ್ಯಂಕ. ಬ್ಯಾಂಕುಗಳು ಸಾಲಗಾರರನ್ನು ಅಳೆಯಲು ಬಳಸುತ್ತಿದ್ದುದು ಇಲ್ಲಿಗೂ ಬಂದಿದೆ. ಒಂದು ಕ್ಯಾಮೆರಾದ ಉತ್ತರಗಳಲ್ಲಿ ಮೊದಲು ಶೇ. 70 ಗಟ್ಟಿ ಭರವಸೆಯವು, ಶೇ. 20 ನಡುವಿನವು, ಶೇ. 10 ಅಳುಕಿನವು ಆಗಿದ್ದವು ಎಂದುಕೊಳ್ಳೋಣ. ಈ ವಾರ ಅವು ಕ್ರಮವಾಗಿ 50, 30, 20 ಆಗಿವೆ. ಪ್ರತಿ ಗುಂಪಿಗೂ ಹೊಸ ಪಾಲಿನಿಂದ ಹಳೆಯದನ್ನು ಕಳೆದು, ಹೊಸದನ್ನು ಹಳೆಯದರಿಂದ ಭಾಗಿಸಿ ಬಂದದ್ದರ ಲಾಗರಿದಮ್‌ನಿಂದ ಗುಣಿಸಿ, ಮೂರನ್ನೂ ಕೂಡಿಸಬೇಕು. ಮೊದಲ ಗುಂಪಿನಿಂದ 0.067, ಎರಡನೆಯದರಿಂದ 0.041, ಮೂರನೆಯದರಿಂದ 0.069, ಒಟ್ಟು 0.177. ರೂಢಿಯ ಪ್ರಕಾರ 0.1ರ ಕೆಳಗಿದ್ದರೆ ನಿಶ್ಚಿಂತೆ, 0.25 ಮೀರಿದರೆ ಎಚ್ಚರಿಕೆಯ ಗಂಟೆ, ನಡುವೆ ಇದ್ದರೆ ಕಣ್ಣಿಡಬೇಕು. ಇವು ಅನುಭವದಿಂದ ಬಂದ ಗೆರೆಗಳೇ ಹೊರತು ಗಣಿತದ ಸಿದ್ಧಾಂತವಲ್ಲ. ಪ್ರತಿ ಸಮೂಹಕ್ಕೂ ತಕ್ಕಂತೆ ಸರಿಹೊಂದಿಸಿಕೊಳ್ಳಬೇಕಾದವು.

ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಾದ ಪರೀಕ್ಷೆಯನ್ನೇ ಏಕೆ ಬಳಸಬಾರದು? ಕಾರಣ, ಇಲ್ಲಿ ಅಂಕಿಗಳು ಅತಿಯಾಗಿವೆ. ಎರಡು ವಾರಗಳಿಂದ ತಲಾ 50,000 ಉತ್ತರಗಳನ್ನು ತೆಗೆದುಕೊಂಡು ಕೋಲ್ಮೊಗೊರೊವ್-ಸ್ಮಿರ್ನೊವ್ ಪರೀಕ್ಷೆ ಮಾಡಿದರೆ, ಎರಡು ಹಂಚಿಕೆಗಳ ನಡುವೆ ಶೇ. 1ಕ್ಕಿಂತಲೂ ಕಡಿಮೆ ಅಂತರವಿದ್ದರೂ ‘ಬದಲಾವಣೆ ಖಚಿತ’ ಎಂದು ಫಲಿತಾಂಶ ಬರುತ್ತದೆ. ಬದಲಾವಣೆ ಇರುವುದು ನಿಜ, ಆದರೆ ಅದರಿಂದ ಯಾರಿಗೂ ತೊಂದರೆಯಿಲ್ಲ. ಇಂಥ ಗಂಟೆ ದಿನವೂ ಬಾರಿಸಿದರೆ ನಿರ್ವಾಹಕರು ನಾಲ್ಕನೆಯ ದಿನ ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ.

ಹೋಲಿಸುವ ಕಾಲವೂ ಮುಖ್ಯ. ಸಂಜೆ 7ರ ರಸ್ತೆಯನ್ನು ಮಧ್ಯಾಹ್ನ 12ರ ರಸ್ತೆಯೊಡನೆ ಹೋಲಿಸಿದರೆ ಪ್ರತಿ ಸಂಜೆಯೂ ಡ್ರಿಫ್ಟ್ ಆಗಿಯೇ ಕಾಣುತ್ತದೆ. ಸೋಮವಾರದ ಸಂಜೆಯನ್ನು ಸೋಮವಾರದ ಸಂಜೆಗಳೊಡನೆಯೇ ತೂಗಬೇಕು, ಹಬ್ಬದ ದಿನಗಳನ್ನು ಬೇರೆ ಇಡಬೇಕು.

ಜೂನ್ ತಿಂಗಳ 38 ಗಂಟೆಗಳು

ಕ್ರಮವನ್ನು ತಿಳಿಯಲು ಒಂದು ಕಲ್ಪಿತ ನಗರವನ್ನು ತೆಗೆದುಕೊಳ್ಳೋಣ. ಅಲ್ಲಿ ವಾಹನ ಎಣಿಸುವ 240 ಕ್ಯಾಮೆರಾಗಳಿವೆ. ಬೀದಿದೀಪವಿರುವ ವೃತ್ತಗಳಲ್ಲಿ 130, ಬೆಳಕು ಕಡಿಮೆಯಿರುವ ಹೊರವಲಯದ ರಸ್ತೆಗಳಲ್ಲಿ ಇನ್‌ಫ್ರಾರೆಡ್ ದೀಪದ ಸಹಾಯದಿಂದ ನೋಡುವಂಥವು 70, ಮೇಲ್ಸೇತುವೆಗಳ ಎತ್ತರದಲ್ಲಿ 40. ಒಂದೊಂದು ಗುಂಪಿಗೆ ಒಂದೊಂದು ಮಾಡೆಲ್. ಪ್ರತಿ ಕ್ಯಾಮೆರಾಕ್ಕೂ ಬೇರೆ ಮಾಡೆಲ್ ಇಟ್ಟರೆ 240 ಮಕ್ಕಳನ್ನು ಸಾಕಿದಂತಾಗುತ್ತದೆ. ಎಲ್ಲಕ್ಕೂ ಒಂದೇ ಇಟ್ಟರೆ ರಾತ್ರಿಯ ಹೊರವಲಯಕ್ಕೆ ನ್ಯಾಯ ಸಿಗುವುದಿಲ್ಲ. ಮುಂಗಾರು ಕಾಲಿಟ್ಟ ಜೂನ್ ಮೊದಲ ವಾರದಲ್ಲಿ 38 ಕ್ಯಾಮೆರಾಗಳ ಸೂಚ್ಯಂಕ ಗೆರೆ ದಾಟಿತು ಎಂದಿಟ್ಟುಕೊಳ್ಳೋಣ.

ಅನುಭವವಿಲ್ಲದ ತಂಡವಾದರೆ ಆ 38ರ ಚಿತ್ರಗಳನ್ನು ತರಿಸಿ ಕೂಡಲೇ ಮರುತರಬೇತಿ ಆರಂಭಿಸುತ್ತದೆ. ಬಲ್ಲವರು ಮೊದಲು ಕೇಳುವ ಪ್ರಶ್ನೆಯೇ ಬೇರೆ: ಕ್ಯಾಮೆರಾದ ಕಣ್ಣು ಸರಿಯಾಗಿದೆಯೇ?

ನೋಡಿದಾಗ 9 ಕ್ಯಾಮೆರಾಗಳ ಗಾಜಿನ ಮೇಲೆ ಧೂಳು, ಹನಿ, ಜೇಡರ ಬಲೆ. ಜೇಡನದು ಈ ಕ್ಷೇತ್ರದ ಹಳೆಯ ಕಾಟ. ರಾತ್ರಿ ದೀಪದ ಬಳಿ ಹುಳುಗಳು ಸುಳಿಯುತ್ತವೆ, ಹುಳುಗಳಿಗಾಗಿ ಜೇಡ ಬಲೆ ಕಟ್ಟುತ್ತದೆ. ಹಗಲಿನಲ್ಲಿ ಕಾಣದ ಎಳೆ ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ಬಿಳಿಯ ಹಗ್ಗದಂತೆ ಹೊಳೆಯುತ್ತದೆ. ಹಗಲಿನ ಸೂಚ್ಯಂಕ ಚೆನ್ನಾಗಿದ್ದು ರಾತ್ರಿಯದು ಮಾತ್ರ ಕೆಟ್ಟಿದ್ದರೆ ಮೊದಲ ಸಂಶಯ ಇದರ ಮೇಲೆಯೇ. ಮದ್ದು ಒಂದು ಏಣಿ ಮತ್ತು ಒಂದು ಬಟ್ಟೆ.

ಇನ್ನು 4 ಕ್ಯಾಮೆರಾಗಳು ಗಾಳಿಗೆ ಓರೆಯಾಗಿದ್ದವು. ರಸ್ತೆಯ ಅಂಚು, ಕಟ್ಟಡದ ಮೂಲೆಯಂಥ ಕದಲದ ವಸ್ತುಗಳು ಆಧಾರ ಚಿತ್ರದಲ್ಲಿ ಎಲ್ಲಿದ್ದವೋ ಅಲ್ಲಿಯೇ ಇವೆಯೇ ಎಂದು ಹೋಲಿಸಿದರೆ ಇದು ತಾನಾಗಿಯೇ ಗೊತ್ತಾಗುತ್ತದೆ. 6 ಕ್ಯಾಮೆರಾಗಳದು ವಿಚಿತ್ರ: ಎಲ್ಲವೂ ಒಂದೇ ತಯಾರಿಕೆಯವು, ಎಲ್ಲವುಗಳ ಸೂಚ್ಯಂಕವೂ ಒಂದೇ ರಾತ್ರಿ ಜಿಗಿದಿತ್ತು. ಆ ದಿನ ಅವುಗಳ ಫರ್ಮ್‌ವೇರ್ ನವೀಕರಣವಾಗಿ, ರಾತ್ರಿ ಚಿತ್ರದ ಎಕ್ಸ್‌ಪೋಶರ್ ಸೆಟ್ಟಿಂಗ್ ಬದಲಾಗಿತ್ತು. ಲೋಕ ಬದಲಾಗುವಾಗ ಹೀಗೆ ಒಂದೇ ಕ್ಷಣದಲ್ಲಿ, ಒಂದೇ ತಯಾರಿಕೆಯನ್ನು ಆರಿಸಿಕೊಂಡು ಬದಲಾಗುವುದಿಲ್ಲ. ಜಿಗಿತ ಲಂಬವಾಗಿದ್ದರೆ ಮನುಷ್ಯರ ಕೈ ಇದೆ ಎಂದೇ ತಿಳಿಯಬೇಕು. ಉಳಿದ 2 ಕ್ಯಾಮೆರಾಗಳಲ್ಲಿ ಕರೆಂಟು ಹೋಗಿ ಬಂದ ಮೇಲೆ ಗಡಿಯಾರ ಹಿಂದೆ ಬಿದ್ದಿತ್ತು. ಅವು ರಾತ್ರಿಯ ರಸ್ತೆಯನ್ನು ಹಗಲಿನ ಆಧಾರದೊಡನೆ ಹೋಲಿಸಿಕೊಂಡು ಗಂಟೆ ಬಾರಿಸುತ್ತಿದ್ದವು.

ಹೀಗೆ 21 ಪ್ರಕರಣಗಳು ಮಾಡೆಲ್‌ಗೆ ಸಂಬಂಧವೇ ಇಲ್ಲದವು. ಇವುಗಳ ಚಿತ್ರಗಳನ್ನು ತರಬೇತಿಗೆ ಸೇರಿಸಿದ್ದರೆ ಮಾಡೆಲ್ ಜೇಡರ ಬಲೆಯ ಹಿಂದಿನಿಂದ ನೋಡಲು ಕಲಿಯುತ್ತಿತ್ತು, ಬಲೆ ತೆಗೆದ ಮರುದಿನ ಆ ಕಲಿಕೆ ವ್ಯರ್ಥ.

ಮತ್ತೆ 5 ಕ್ಯಾಮೆರಾಗಳ ಎದುರು ಲೋಕವೇ ಬದಲಾಗಿತ್ತು. ಸಮೀಪದ ರಸ್ತೆಯನ್ನು ಅಗೆದಿದ್ದರಿಂದ ಬಸ್ಸುಗಳು ಬೇರೆ ದಾರಿ ಹಿಡಿದಿದ್ದವು, ದ್ವಿಚಕ್ರ ವಾಹನಗಳು ತುಂಬಿಕೊಂಡಿದ್ದವು. ಗುಂಪುಗಳ ಪಾಲು ಏರುಪೇರಾಗಿ ಸೂಚ್ಯಂಕ ಏರಿತ್ತು. ಪರೀಕ್ಷಿಸಿದರೆ ಮಾಡೆಲ್ ಪ್ರತಿಯೊಂದನ್ನೂ ಮೊದಲಿನಷ್ಟೇ ಚೆನ್ನಾಗಿ ಗುರುತಿಸುತ್ತಿತ್ತು. ಇದು ಡ್ರಿಫ್ಟ್ ಹೌದು, ದೋಷವಲ್ಲ. ಇಂಥದನ್ನು ವರದಿ ಮಾಡಲೆಂದೇ ಕ್ಯಾಮೆರಾಗಳನ್ನು ಇಟ್ಟಿರುವುದು!

ಕೊನೆಗೆ ಉಳಿದವು 12. ಎಲ್ಲವೂ ಹೊರವಲಯದವು, ನಗರದ ಒಂದೇ ದಿಕ್ಕಿನವು, ರಾತ್ರಿ ಮಳೆ ಬಂದಾಗ ಮಾತ್ರ ಕೆಡುವಂಥವು. ತೊಯ್ದ ಡಾಂಬರಿನ ಮೇಲೆ ಹೆಡ್‌ಲೈಟಿನ ಪ್ರತಿಬಿಂಬ ಇನ್ನೊಂದು ವಾಹನದಂತೆ ತೋರುತ್ತದೆ. ಗಾಜಿನ ಸಮೀಪದ ಹನಿಗಳು ಬಿಳಿಯ ಗೀರುಗಳಾಗಿ, ಹಿಂದಿರುವ ದ್ವಿಚಕ್ರ ವಾಹನವನ್ನು ಮರೆಮಾಡುತ್ತವೆ. ಆ ಮಾಡೆಲ್‌ಗೆ ಕಲಿಸಿದ ಚಿತ್ರಗಳನ್ನು ಬೇಸಿಗೆಯಲ್ಲಿ ಸಂಗ್ರಹಿಸಿದ್ದರು.

ನಿಜವಾದ ಅಳತೆ

ಸೂಚ್ಯಂಕ ಹೇಳುವುದು ಏನೋ ಬದಲಾಗಿದೆ ಎಂಬುದನ್ನು ಮಾತ್ರ. ಎಷ್ಟು ತಪ್ಪಾಗುತ್ತಿದೆ ಎಂಬುದನ್ನು ಮನುಷ್ಯರ ಕಣ್ಣೇ ಹೇಳಬೇಕು. ಇದಕ್ಕಾಗಿ ಸ್ವಲ್ಪ ಚಿತ್ರಗಳನ್ನು ತರಿಸಿ, ಮುಖಗಳನ್ನು ಕ್ಯಾಮೆರಾದಲ್ಲೇ ಮಸುಕುಗೊಳಿಸಿ, ಜನರಿಂದ ಎಣಿಸಲಾಗುತ್ತದೆ. ಇಲ್ಲಿ ಎರಡು ಕಡೆ ಕಾಲು ಜಾರುವುದು ಸಾಮಾನ್ಯ.

ಮೊದಲನೆಯದು, ಮಾಡೆಲ್ ಅಳುಕಿದ ಚಿತ್ರಗಳನ್ನೇ ಆರಿಸಿ ತರಿಸುವುದು. ಕಲಿಸಲು ಅವು ಒಳ್ಳೆಯವು, ಅಳೆಯಲು ಅಲ್ಲ. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿ ಊರಿನ ಆರೋಗ್ಯ ಹೇಳಿದಂತಾಗುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ: ಮಾಡೆಲ್ ಪತ್ತೆಹಚ್ಚಿದ ವಾಹನಗಳ ಪಟ್ಟಿಯಿಂದ ಚೀಟಿ ಎತ್ತುವುದು. ಹಾಗೆ ಮಾಡಿದರೆ ಅದು ಕಾಣದೆಯೇ ಬಿಟ್ಟ ವಾಹನ ಆ ಪಟ್ಟಿಯಲ್ಲಿ ಎಂದೂ ಇರುವುದಿಲ್ಲ, ಆ ತಪ್ಪು ಎಂದೂ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಚೀಟಿ ಎತ್ತಬೇಕಾದದ್ದು ವಾಹನಗಳಿಂದಲ್ಲ, ಕಾಲದಿಂದ. ರಾತ್ರಿ 8.14, 9.52, 11.07 ಹೀಗೆ ಯಾವುದೋ ಕ್ಷಣಗಳನ್ನು ಆರಿಸಿ, ಆ ಚಿತ್ರದಲ್ಲಿ ನಿಜವಾಗಿ ಎಷ್ಟು ವಾಹನಗಳಿದ್ದವು ಎಂದು ಜನ ಎಣಿಸಬೇಕು.

ನಮ್ಮ ಉದಾಹರಣೆಯ 12 ಕ್ಯಾಮೆರಾಗಳಲ್ಲಿ ಮಳೆಯ ರಾತ್ರಿಗಳಿಂದ ಹೀಗೆ 200 ವಾಹನಗಳು ಸಿಕ್ಕವು, ಯಂತ್ರ ಸರಿಯಾಗಿ ಗುರುತಿಸಿದ್ದು 172 ಎಂದುಕೊಳ್ಳೋಣ. ಅಂದರೆ ಶೇ. 86. ಸ್ಥಾಪನೆಯ ಹೊತ್ತಿನಲ್ಲಿ ಇದ್ದದ್ದು ಶೇ. 94. ಈ ಕುಸಿತ ಕಾಕತಾಳೀಯವಿರಬಹುದೇ? 200ರ ಮಾದರಿಗೆ ಅನಿಶ್ಚಿತತೆ ಆಚೀಚೆ ಸುಮಾರು ಶೇ. 5ರಷ್ಟು, ನಿಜವಾದ ಅಂಕಿ 81ರಿಂದ 91ರ ನಡುವೆ ಎಲ್ಲೋ ಇದೆ. 94 ಅದರ ಹೊರಗಿದೆ, ಆದ್ದರಿಂದ ಕುಸಿತ ನಿಜ. 50 ವಾಹನಗಳನ್ನಷ್ಟೇ ನೋಡಿದ್ದರೆ ಅನಿಶ್ಚಿತತೆ ಶೇ. 10ರ ಹತ್ತಿರ ಇದ್ದು, ಏನನ್ನೂ ಹೇಳಲಾಗುತ್ತಿರಲಿಲ್ಲ. ಒಂದೇ ಚಿತ್ರದಲ್ಲಿ ಹಲವು ವಾಹನಗಳಿದ್ದರೆ ಅವು ಒಟ್ಟಿಗೇ ತಪ್ಪುವುದರಿಂದ ಈ ಅಂತರ ಇನ್ನೂ ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ಹೆಚ್ಚು ಚಿತ್ರಗಳಿಂದ ಸ್ವಲ್ಪ ಸ್ವಲ್ಪ ವಾಹನಗಳನ್ನು ತೆಗೆಯುವುದು ಲೇಸು.

ಗಂಟೆ ಬಾರಿಸದ ತಪ್ಪು

ಇಷ್ಟಕ್ಕೇ ನಿಲ್ಲಿಸಿದರೆ ದೊಡ್ಡದೊಂದು ಕಣ್ತಪ್ಪಿ ಹೋಗುತ್ತದೆ. ಗಂಟೆ ಬಾರಿಸದ 202 ಕ್ಯಾಮೆರಾಗಳಿಂದಲೂ ಪ್ರತಿ ವಾರ ಒಟ್ಟು 300 ವಾಹನಗಳನ್ನು ಚೀಟಿ ಎತ್ತಿ ಪರೀಕ್ಷಿಸುವ ಪದ್ಧತಿ ಆ ನಗರದಲ್ಲಿದೆ ಎಂದುಕೊಳ್ಳೋಣ. ತಿಂಗಳಿಗೆ 1,200. ಅವುಗಳಲ್ಲಿ 18 ಸರಕು ಸಾಗಿಸುವ ವಿದ್ಯುತ್ ತ್ರಿಚಕ್ರ ವಾಹನಗಳು; ಅವುಗಳಲ್ಲಿ 11ನ್ನು ಮಾಡೆಲ್ ‘ಪ್ರಯಾಣಿಕರ ಆಟೋ’ ಎಂದಿತ್ತು, ಅದೂ 0.9ಕ್ಕಿಂತ ಹೆಚ್ಚಿನ ವಿಶ್ವಾಸಾಂಕದೊಡನೆ. ಮುಂಭಾಗ, ಗಾಜು, ಮೂರು ಚಕ್ರ ಎಲ್ಲವೂ ಆಟೋದಂತೆಯೇ ಇರುವಾಗ ಅದಕ್ಕೆ ಅನುಮಾನವೇ ಹುಟ್ಟಲಿಲ್ಲ. ವಿಶ್ವಾಸಾಂಕದ ಹಂಚಿಕೆ ಕದಲಲಿಲ್ಲ, ಪಿಎಸ್‌ಐ ಕದಲಲಿಲ್ಲ, ಒಟ್ಟು ನಿಖರತೆಯಲ್ಲೂ ಆದ ಇಳಿಕೆ ಶೇ. 1ರಷ್ಟು ಮಾತ್ರ. ಅಳುಕುತ್ತಾ ತಪ್ಪು ಮಾಡುವುದನ್ನು ಸೂಚ್ಯಂಕ ಹಿಡಿಯುತ್ತದೆ, ಧೈರ್ಯವಾಗಿ ತಪ್ಪು ಮಾಡುವುದನ್ನು ಹಿಡಿಯದು. ಚೀಟಿ ಎತ್ತುವ ಈ ಬೇಸರದ ಕೆಲಸವನ್ನು ವೆಚ್ಚದ ನೆಪದಲ್ಲಿ ಮೊದಲು ಕೈಬಿಡುವ ತಂಡಗಳು ಈ ಬಗೆಯ ತಪ್ಪನ್ನು ಹೊರಗಿನವರ ದೂರಿನಿಂದಲೇ ತಿಳಿಯಬೇಕಾಗುತ್ತದೆ.

ಯಾವುದು ಮೊದಲು?

ಈಗ ಎರಡು ಕಾಯಿಲೆಗಳಿವೆ, ಗುರುತು ಹಾಕುವ ಜನ ಕಡಿಮೆ. ಯಾವುದಕ್ಕೆ ಮೊದಲು ಮರುತರಬೇತಿ?

ತಲೆಯೆಣಿಕೆ ಮಾಡಿದರೆ ಉತ್ತರ ಹೀಗೆ ಬರುತ್ತದೆ. ಮಳೆ 12 ಕ್ಯಾಮೆರಾಗಳಿಗಷ್ಟೇ ತಟ್ಟಿದ್ದರೂ ಮುಂಗಾರು ಹಬ್ಬಿದಂತೆ 70ಕ್ಕೂ ತಟ್ಟಲಿದೆ. ಒಂದೊಂದರ ಎದುರು ರಾತ್ರಿಗೆ 1,500 ವಾಹನಗಳೆಂದರೆ, ಶೇ. 8ರ ಕುಸಿತದಿಂದ ಮಳೆಯ ಪ್ರತಿ ರಾತ್ರಿ 8,400 ಹೆಚ್ಚುವರಿ ತಪ್ಪುಗಳು. ಇನ್ನೊಂದೆಡೆ 130 ವೃತ್ತಗಳಲ್ಲಿ ದಿನಕ್ಕೆ ತಲಾ 20,000 ವಾಹನಗಳು ಎಂದುಕೊಂಡರೆ ಒಟ್ಟು 26 ಲಕ್ಷ, ಅದರ ಶೇ. 0.9 ಎಂದರೆ 23,400 ತಪ್ಪುಗಳು. ಸದ್ದಿಲ್ಲದ ತಪ್ಪೇ ಸುಮಾರು ಮೂರು ಪಟ್ಟು ದೊಡ್ಡದು.

ಆದರೂ ಮಳೆಯದೇ ಮೊದಲಾಗಬೇಕು. ಈ ಎಣಿಕೆಗಳ ಮುಖ್ಯ ಬಳಕೆ ಸಿಗ್ನಲ್‌ನ ಹಸಿರು ಸಮಯ ನಿಗದಿ. ಬೆಂಗಳೂರಿನಲ್ಲಿ ಸಿ-ಡ್ಯಾಕ್ ಸಿದ್ಧಪಡಿಸಿದ ಕೋಸಿಕಾಸ್ಟ್ ತಂತ್ರಾಂಶ ಆಧರಿಸಿ ನಡೆಯುವ ಹೊಂದಾಣಿಕೆಯ ಸಿಗ್ನಲ್‌ಗಳಂತೆ, ವಾಹನಗಳ ಒತ್ತಡ ನೋಡಿ ಹಸಿರನ್ನು ಹಿಗ್ಗಿಸುವ, ಕುಗ್ಗಿಸುವ ವ್ಯವಸ್ಥೆ ಅದು. ಸರಕಿನ ಆಟೋವನ್ನು ಪ್ರಯಾಣಿಕರ ಆಟೋ ಎಂದರೆ ಹಸಿರು ಸಮಯದಲ್ಲಿ ವ್ಯತ್ಯಾಸವಾಗದು, ಎರಡೂ ರಸ್ತೆಯಲ್ಲಿ ಹಿಡಿಯುವ ಜಾಗ ಒಂದೇ. ಮಳೆಯ ರಾತ್ರಿ ಕಾಣದೆ ಹೋದ ದ್ವಿಚಕ್ರ ವಾಹನ ಸವಾರನಾದರೋ ಸಿಗ್ನಲ್‌ನ ದೃಷ್ಟಿಯಲ್ಲಿ ಇಲ್ಲವೇ ಇಲ್ಲ. ಇದೇ ಎಣಿಕೆಯನ್ನು ಸರಕು ಸಾಗಣೆ ನೀತಿಗೆ ಬಳಸುವುದಾಗಿದ್ದರೆ ಸರದಿ ತಿರುವುಮುರುವಾಗುತ್ತಿತ್ತು. ಜತೆಗೆ 18ರಲ್ಲಿ 11 ಎಂಬುದು ತೀರಾ ಚಿಕ್ಕ ಸಂಖ್ಯೆ. ಆಗಸ್ಟ್‌ವರೆಗೆ ಅಂಥ ವಾಹನಗಳ ಚಿತ್ರಗಳನ್ನೇ ಹುಡುಕಿ ಕೂಡಿಟ್ಟು, ಆ ತಿಂಗಳ ನಿಗದಿತ ಮರುತರಬೇತಿಗೆ ಸೇರಿಸಿದರೆ ಸಾಕು.

ನಿಗದಿತ ಮತ್ತು ತುರ್ತು ಎಂಬ ಎರಡೂ ಬಗೆಯ ಮರುತರಬೇತಿಗಳು ಬೇಕಾಗುತ್ತವೆ. ಮುಂಗಾರಿನ ಮುನ್ನ, ಚಳಿಗಾಲದ ಮಂಜಿನ ಮುನ್ನ ಬರುವುದು ಪಂಚಾಂಗ ನೋಡಿ ಮಾಡುವಂಥದ್ದು. ಹೋದ ವರ್ಷದ ಮಳೆಯ ಚಿತ್ರಗಳು ಕೈಯಲ್ಲಿದ್ದರೆ ಮೇ ತಿಂಗಳಲ್ಲೇ ಮುಗಿಸಬಹುದು. ನಮ್ಮ ಉದಾಹರಣೆಯ ನಗರಕ್ಕೆ ಇದು ಮೊದಲ ಮಳೆಗಾಲ, ಆದ್ದರಿಂದ ತುರ್ತಾಯಿತು.

ಮರುತರಬೇತಿಯನ್ನು ಕಂಬದ ಬುಡದ ಗಣಕದಲ್ಲೇ ಮಾಡಬಹುದಲ್ಲವೇ ಎಂಬ ವಾದವೂ ಇದೆ. ಚಿತ್ರಗಳು ಸ್ಥಳ ಬಿಟ್ಟು ಹೊರಗೆ ಹೋಗುವುದಿಲ್ಲ ಎಂಬುದು ಅದರ ಲಾಭ. ಆದರೆ ಕಲಿಯುವ ಕೆಲಸವೂ ಎಣಿಸುವ ಕೆಲಸವೂ ಒಂದೇ ಗಣಕದ ಶಕ್ತಿಗಾಗಿ ಕಿತ್ತಾಡುತ್ತವೆ. ಕಲಿಯುವಷ್ಟು ಹೊತ್ತು ಎಣಿಕೆ ಸೊರಗುತ್ತದೆ. 2022ರಲ್ಲಿ ಎನ್‌ಎಸ್‌ಡಿಐ ಸಮ್ಮೇಳನದಲ್ಲಿ ಪ್ರಕಟವಾದ ‘ಎಕ್ಯ’ ಎಂಬ ಸಂಶೋಧನೆ ಈ ತಿಕ್ಕಾಟವನ್ನೇ ಕುರಿತದ್ದು. ಸ್ವಲ್ಪವೇ ಚಿತ್ರಗಳ ಮೇಲೆ ಕೆಲವು ಸುತ್ತು ಮಾತ್ರ ಕಲಿಸಿ ನೋಡಿ, ಪೂರ್ತಿ ಕಲಿಸಿದರೆ ಯಾವ ಕ್ಯಾಮೆರಾಕ್ಕೆ ಎಷ್ಟು ಲಾಭವಾದೀತೆಂದು ಅಂದಾಜು ಮಾಡಿ, ಹೆಚ್ಚು ಲಾಭವಿರುವ ಕಡೆಗೆ ಶಕ್ತಿ ಹಂಚುವುದು ಅದರ ತಿರುಳು. ಆ ವಿಧಾನ ಹಲವು ಕ್ಯಾಮೆರಾಗಳು ಹಂಚಿಕೊಳ್ಳುವ ಶಕ್ತಿಶಾಲಿ ಸರ್ವರ್‌ಗಳಿಗೆ ಹೊಂದುತ್ತದೆ. ಸಾಮಾನ್ಯ ಕ್ಯಾಮೆರಾದೊಳಗಿನ ಚಿಪ್ ಎಣಿಸಲಷ್ಟೇ ಶಕ್ತ. ಅಂಥ ಕಡೆ ಕೇಂದ್ರದಲ್ಲಿ ಕಲಿಸಿ ಕಳುಹಿಸುವುದೇ ದಾರಿ.

ಕಲಿಸಿದ ಮೇಲೆ

ಮಳೆಯ 1,500 ಹೊಸ ಚಿತ್ರಗಳಿಗೆ ಗುರುತು ಹಾಕಬೇಕು. ಗಂಟೆಗೆ 40ರಂತೆ ಒಬ್ಬರಿಗೆ ಸುಮಾರು 38 ಗಂಟೆಗಳ ಕೆಲಸ. ಅವುಗಳನ್ನಷ್ಟೇ ಕಲಿಸಿದರೆ ಮಾಡೆಲ್ ಒಣ ರಾತ್ರಿಯನ್ನು ಮರೆಯುತ್ತದೆ. ಇದು ಮಾತಿನ ಅಲಂಕಾರವಲ್ಲ, ಈ ಬಗೆಯ ತಂತ್ರಾಂಶಗಳ ಪ್ರಸಿದ್ಧ ದೌರ್ಬಲ್ಯ. ಹಾಗಾಗಿ ಹಳೆಯ ಸಂಗ್ರಹದಿಂದ 6,000 ಚಿತ್ರಗಳನ್ನು ಬೆರೆಸಲಾಗುತ್ತದೆ. ಪರೀಕ್ಷೆಗೆ ತರಬೇತಿಯಲ್ಲಿ ಬಳಸದ ಕ್ಯಾಮೆರಾಗಳ ಚಿತ್ರಗಳೇ ಬೇಕು. ಒಂದೇ ಕ್ಯಾಮೆರಾದ ಚಿತ್ರಗಳು ಎರಡೂ ಕಡೆ ಇದ್ದರೆ ಮಾಡೆಲ್ ಹಿನ್ನೆಲೆಯ ಮರವನ್ನು ನೆನಪಿಟ್ಟುಕೊಂಡು ಪಾಸಾಗುತ್ತದೆ.

ಕೇಂದ್ರದ ಗಣಕದಲ್ಲಿ ಹೊಸ ಮಾಡೆಲ್ ಮಳೆಯ ರಾತ್ರಿಗೆ ಶೇ. 92 ಕೊಟ್ಟಿತು ಎಂದುಕೊಳ್ಳೋಣ. ಕ್ಯಾಮೆರಾಕ್ಕೆ ಹಾಕಲು ಅದನ್ನು 8 ಬಿಟ್‌ನ ಪೂರ್ಣಾಂಕಗಳಿಗೆ ಇಳಿಸಿ ಹಗುರ ಮಾಡಲಾಗುತ್ತದೆ. ಹಾಗೆ ಇಳಿಸುವಾಗ ಅಳತೆ ಹೊಂದಿಸಲು ಬಳಸುವ ಚಿತ್ರಗಳಲ್ಲೂ ಮಳೆಯವು ಇರಬೇಕು, ಇಲ್ಲವಾದರೆ ಕಲಿಸಿದ್ದು ಸ್ವಲ್ಪ ಅಲ್ಲಿಯೇ ಸೋರಿಹೋಗುತ್ತದೆ. ಇಳಿಸಿದ ಮೇಲೆ ಶೇ. 91 ಉಳಿದರೆ, ಒಪ್ಪಿಕೊಳ್ಳಬೇಕಾದ ಅಂಕಿ ಅದೇ, 92 ಅಲ್ಲ.

ಹಂಚಿಕೆ ಒಮ್ಮೆಲೇ ಆಗಕೂಡದು. ಮೊದಲು 4 ಕ್ಯಾಮೆರಾಗಳಲ್ಲಿ ಹಳೆಯದರ ಪಕ್ಕದಲ್ಲೇ ಹೊಸದನ್ನೂ ಓಡಿಸಿ, ಅದರ ಉತ್ತರವನ್ನು ಬಳಸದೆ ಬರೆದಿಟ್ಟುಕೊಂಡು ಮೂರು ರಾತ್ರಿ ಹೋಲಿಸಬೇಕು. ಎರಡನ್ನೂ ಓಡಿಸುವಾಗ ಚಿಪ್ ಬಿಸಿಯಾಗಿ ವೇಗ ತಗ್ಗಿಸಿಕೊಳ್ಳಬಹುದು, ಆಗ ಚಿತ್ರಗಳು ಬಿಟ್ಟುಹೋಗಿ ಎಣಿಕೆ ಇಳಿಯುತ್ತದೆ. ಅದನ್ನು ಹೊಸ ಮಾಡೆಲ್‌ನ ದೋಷವೆಂದು ಭಾವಿಸುವುದುಂಟು. ಅನಂತರ 14, ಕೊನೆಗೆ 70. ಕಡತ 25 ಮೆಗಾಬೈಟ್‌ನದಾದರೆ 70ಕ್ಕೂ ಸೇರಿ 2 ಗಿಗಾಬೈಟ್‌ಗಿಂತ ಕಡಿಮೆ. ವಾಹನ ವಿರಳವಾದ ನಸುಕಿನಲ್ಲಿ ಕಳುಹಿಸುವುದು ಕ್ರಮ. ಹಳೆಯ ಮಾಡೆಲನ್ನು ಅಳಿಸದೆ ಕ್ಯಾಮೆರಾದಲ್ಲೇ ಉಳಿಸಬೇಕು. ಹೊಸದು ಎದ್ದೇಳದಿದ್ದರೆ, ಕೇಂದ್ರದ ಅಪ್ಪಣೆಗೆ ಕಾಯದೆ ಅದು ತಾನೇ ಹಳೆಯದಕ್ಕೆ ಮರಳುವಂತಿರಬೇಕು.

ಬದಲಾಯಿಸಿದ ಮರುದಿನ ಬೆಳಿಗ್ಗೆ ಅನೇಕ ತಂಡಗಳು ಬೆಚ್ಚಿಬೀಳುವುದುಂಟು: 70 ಕ್ಯಾಮೆರಾಗಳ ಗಂಟೆಯೂ ಒಟ್ಟಿಗೇ ಬಾರಿಸುತ್ತಿರುತ್ತದೆ. ಹೊಸ ಮಾಡೆಲ್‌ನ ವಿಶ್ವಾಸಾಂಕಗಳ ಹಂಚಿಕೆಯೇ ಬೇರೆ, ಹೋಲಿಕೆಯ ಆಧಾರ ಇನ್ನೂ ಹಳೆಯದರದು. ಹೊಸ ಆಧಾರವನ್ನು ಸಂಗ್ರಹಿಸುವವರೆಗೆ, ಅಂದರೆ ಎರಡು ಮೂರು ವಾರ, ಆ ಕ್ಯಾಮೆರಾಗಳನ್ನು ಚೀಟಿ ಎತ್ತುವ ಪರೀಕ್ಷೆಯಿಂದಲೇ, ಎಂದಿಗಿಂತ ಹೆಚ್ಚು ಮಾದರಿಗಳೊಡನೆ, ಕಾಯಬೇಕಾಗುತ್ತದೆ. ಪ್ರತಿ ಎಣಿಕೆಯ ಜತೆ ಅದನ್ನು ಕೊಟ್ಟ ಮಾಡೆಲ್‌ನ ಆವೃತ್ತಿ ಸಂಖ್ಯೆಯನ್ನೂ ದಾಖಲಿಸಿಟ್ಟಿರಬೇಕು. ಇಲ್ಲವಾದಲ್ಲಿ, ಮೊದಲು ಕಾಣದಿದ್ದ ದ್ವಿಚಕ್ರ ವಾಹನಗಳು ಜುಲೈನಿಂದ ಕಾಣತೊಡಗಿದ್ದನ್ನು, ವರ್ಷದ ಕೊನೆಯಲ್ಲಿ ಅಂಕಿಅಂಶ ನೋಡುವ ಯೋಜನಾಧಿಕಾರಿ ಹೊರವಲಯದಲ್ಲಿ ರಾತ್ರಿ ಸಂಚಾರವೇ ಹೆಚ್ಚಿತೆಂದು ಓದಿಕೊಳ್ಳುತ್ತಾರೆ.